ಈ ಫೋಟೊ ಅಘನಾಶಿನಿಯದೋ ಶರಾವತಿಯದೋ? ಗೋಡೆಯ ಕಪ್ಪು ಪಟ್ಟೆ, ಕೆಸರು, ಕಾಂಡ್ಲಾ ನೋಡಿ ಹೇಳಬಹುದೇ?

ಹಳೆಪಟ
ಒಂದು ಊರಿನ ವಾಚನಾಲಯದ ಫೋಟೊಗಳಿಗೆ ಅಡಿಬರಹ ಬರೆಯುವ ಕೆಲಸ ನಡೆದಿದೆ. ಲಗತ್ತಿಸಿರುವ ಬಣ್ಣದ ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ "ಕುಮಟಾ–ಹೊನ್ನಾವರ ಕಡೆ, ಹುಣ್ಣಿಮೆ ಕಳೆದು" ಅಂತಷ್ಟೇ ಇದೆ. ವರ್ಷ ಇಲ್ಲ, ತೆಗೆದವರ ಹೆಸರಿಲ್ಲ.

ಚಿತ್ರದಲ್ಲಿ ಇರುವುದು ಇಷ್ಟು. ಎಡಗಡೆ ಚಿರೇಕಲ್ಲಿನ ಕಟ್ಟೆ, ಅದರಲ್ಲೊಂದು ಹಲಗೆ ಹಾಕಿದ ತೂಬು. ಕಟ್ಟೆಯ ಬುಡದಲ್ಲಿ ಕಲ್ಲು ಒರಟಾಗಿ ಚಿಪ್ಪು ಅಂಟಿದ ಹಾಗಿದೆ, ಅದರ ಮೇಲೆ ಕಪ್ಪು ಪಟ್ಟೆ, ಅದರ ಮೇಲೆ ಕೆಂಪು ಕಲ್ಲು. ನಡುವೆ ಅಗಲವಾದ ಕೆಸರು ಬಯಲು, ಒಂದು ದೋಣಿ ಮಗ್ಗುಲಾಗಿ ಬಿದ್ದಿದೆ. ದೂರದ ನೀರಂಚಿನಲ್ಲಿ ಏಳೆಂಟು ಹೆಂಗಸರು ಬಗ್ಗಿ ಏನೋ ಆರಿಸುತ್ತಿದ್ದಾರೆ. ಬಲಗಡೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಕಮಾನು ಬೇರುಗಳು ಎದ್ದು ಕಾಣುತ್ತವೆ. ಕಟ್ಟೆಯ ಮುಂದಿನ ಮಣ್ಣಿನ ಇಳಿಜಾರಿನಲ್ಲಿ ಹುಲ್ಲುಕಸ, ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ಬಿದ್ದಿವೆ.

ನನಗೆ ಬೇಕಾದದ್ದು ಎರಡು: ಯಾವ ಹೊಳೆ, ಮತ್ತು ಈ ಕರಾವಳಿಯ ಬಗ್ಗೆ ಅಡಿಬರಹದಲ್ಲಿ ಧೈರ್ಯವಾಗಿ ಏನು ಬರೆಯಬಹುದು?

ವಸಾಯಿ ಕನ್ನಡಿಗ
ಇಷ್ಟು ಅಗಲದ ಕೆಸರು ನಮ್ಮ ಉತ್ತರ ಕನ್ನಡದ್ದು ಅಂತ ನನಗೆ ಅನ್ನಿಸುವುದಿಲ್ಲ. ಮುಂಬೈ ಬಳಿಯ ವಸಾಯಿ ಖಾಡಿ, ಠಾಣೆ ಖಾಡಿಯಲ್ಲಿ ದಿನಾ ಕಾಣುವ ನೋಟ ಇದು. ಉಬ್ಬರ ಇಳಿತದ ಅಂತರ ದೊಡ್ಡದಿದ್ದರೆ ಮಾತ್ರ ಇಷ್ಟು ನೆಲ ಬಯಲಾಗುತ್ತದೆ. ಪೆನ್ಸಿಲ್ ಬರಹ ಬೇರೆ ಫೋಟೊದ್ದು ಇರಬಹುದು.

ಅಳಿವೆಬಾಯಿ
ಅಂತರ ದೊಡ್ಡದಿದ್ದಷ್ಟೂ ಹೆಚ್ಚು ನೆಲ ಬಯಲಾಗುತ್ತದೆ ಅನ್ನುವುದು ಸರಿ. ಆದರೆ ಬಯಲಿನ ಅಗಲವೊಂದನ್ನೇ ನೋಡಿ ಅಂತರವನ್ನು ಹೇಳಲಾಗುವುದಿಲ್ಲ, ನಡುವೆ ಇಳಿಜಾರು ಬರುತ್ತದೆ. ಹೊಳೆಬಾಯಿಯ ಕೆಸರು ಮುನ್ನೂರು ಮೀಟರ್‌ಗೆ ಒಂದು ಮೀಟರ್ ಇಳಿಯುವಷ್ಟು ಚಪ್ಪಟೆ ಇದ್ದರೆ, ಒಂದೂವರೆ ಮೀಟರ್ ನೀರು ಇಳಿದಾಗ ನಾನೂರೈವತ್ತು ಮೀಟರ್ ಬಯಲಾಗುತ್ತದೆ. ಕಡಿದಾದ ದಂಡೆಯಿದ್ದರೆ ನಾಲ್ಕು ಮೀಟರ್ ಇಳಿದರೂ ಹತ್ತು ಹೆಜ್ಜೆ ಅಗಲ ಸಿಗುವುದಿಲ್ಲ.

ಅಂತರ ತಿಳಿಯಬೇಕಾದರೆ ನೆಲ ಬಿಟ್ಟು ನೆಟ್ಟಗೆ ನಿಂತಿರುವುದನ್ನು ನೋಡಬೇಕು. ಇಲ್ಲಿ ಅದೃಷ್ಟಕ್ಕೆ ಕಟ್ಟೆಯಿದೆ. ಹಳೆಪಟ ಅವರೇ, ಚಿಪ್ಪು ಅಂಟಿದ ಕಲ್ಲು ಎಷ್ಟು ವರಸೆ, ಕಪ್ಪು ಎಷ್ಟು ವರಸೆ ಅಂತ ಎಣಿಸಿ ಹೇಳುತ್ತೀರಾ? ಅಳೆಯಬೇಡಿ, ಎಣಿಸಿ. ಕಟ್ಟೆ ದೂರಕ್ಕೆ ಸರಿಯುತ್ತಾ ಹೋಗುವುದರಿಂದ ಫೋಟೊದ ಮೇಲಿನ ಅಳತೆ ಮೋಸ ಮಾಡುತ್ತದೆ. ಕಲ್ಲಿನ ವರಸೆ ಮಾತ್ರ ಎಲ್ಲಿ ಎಣಿಸಿದರೂ ಅಷ್ಟೇ.

ಹಳೆಪಟ
ದೊಡ್ಡದು ಮಾಡಿ ಎಣಿಸಿದೆ, ಮೇಡಂ. ತೂಬಿನ ಪಕ್ಕದಲ್ಲಿ ಕೆಸರಿನಿಂದ ಮೇಲೆ ಚಿಪ್ಪಿನ ಕಲ್ಲು ಮೂರು ವರಸೆ. ಅದರ ಮೇಲೆ ಕಡುಕಪ್ಪು ಮೂರು ವರಸೆ. ಅದರ ಮೇಲೆ ಇನ್ನೊಂದು ವರಸೆ ಕಂದು ಬಣ್ಣಕ್ಕಿದೆ, ಮೇಲಿನ ಅಂಚು ಅಂಕುಡೊಂಕು, ಅಲ್ಲಲ್ಲಿ ಬಿಳಿ ಪುಡಿ ಇದ್ದಂತೆ ಕಾಣುತ್ತದೆ. ಆ ಕಂದು ವರಸೆಯನ್ನೂ ಸೇರಿಸಬೇಕೇ?

ನೀರುಮಟ್ಟ
ಸೇರಿಸಬೇಡಿ. ಚಿರೇಕಲ್ಲು ತೂತು ತೂತಾದ ಕಲ್ಲು, ನೀರನ್ನು ಮೇಲಕ್ಕೆ ಹೀರುತ್ತದೆ. ಭರತದ, ಅಂದರೆ ಉಬ್ಬರದ, ನೀರು ನಿಂತ ಮಟ್ಟಕ್ಕಿಂತ ಒಂದು ವರಸೆ, ಕೆಲವೊಮ್ಮೆ ಇನ್ನೂ ಮೇಲಕ್ಕೆ ತೇವ ಏರಿರುತ್ತದೆ. ತೇವ ಆರುವ ಅಂಚಿನಲ್ಲಿ ಉಪ್ಪು ಬಿಳಿಪುಡಿಯಾಗಿ ಉಳಿಯುತ್ತದೆ. ಅಂಕುಡೊಂಕು ಅಂಚು ಮತ್ತು ಬಿಳಿಪುಡಿ ಎರಡೂ ಇದ್ದರೆ ಅದು ಹೀರಿದ ತೇವ, ನೀರು ನಿಂತ ಗುರುತಲ್ಲ. ನೀರಿನ ಗುರುತು ಕಟ್ಟೆಯ ಉದ್ದಕ್ಕೂ ಒಂದೇ ಮಟ್ಟದಲ್ಲಿ ಹೋಗುತ್ತದೆ.

ಚಿರೇಕಲ್ಲಿನ ಅಳತೆ ಕ್ವಾರಿಯಿಂದ ಕ್ವಾರಿಗೆ ಬೇರೆ. ಗಾರೆ ಸೇರಿ ಒಂದು ವರಸೆಗೆ 20 ಸೆಂಟಿಮೀಟರ್ ಹಿಡಿದರೆ, ಲೆಕ್ಕದಲ್ಲಿ ಹತ್ತಕ್ಕೆ ಒಂದು ಪಾಲು ಆಚೀಚೆ ಆಗಬಹುದು, ಅಷ್ಟೇ. ತೂಬಿನ ಪಕ್ಕ ಮನುಷ್ಯರು ನಿಂತಿದ್ದರೆ ಅವರ ಎತ್ತರದಿಂದ ತಾಳೆ ನೋಡಬಹುದಿತ್ತು.

ಅಳಿವೆಬಾಯಿ
ಹಾಗಾದರೆ ಕಂದು ವರಸೆ ಬಿಟ್ಟು ಆರು ವರಸೆ, ಸುಮಾರು 1.2 ಮೀಟರ್. ಇದರಲ್ಲಿ ಎರಡು ಬೇರೆ ಬೇರೆ ಗುರುತುಗಳಿವೆ, ಒಂದೊಂದಕ್ಕೂ ಬೇರೆ ಅರ್ಥ.

ಕೆಳಗಿನ ಚಿಪ್ಪು ಬಂಡೆಸಿಂಪಿ. ಅದಕ್ಕೆ ದಿನಕ್ಕೆ ಹಲವು ಗಂಟೆ ನೀರೊಳಗೆ ಇದ್ದರೇ ಹೊಟ್ಟೆ ತುಂಬುವುದು, ಹಾಗಾಗಿ ಹೊಳೆಬಾಯಿಯ ಕಟ್ಟೆಗಳಲ್ಲಿ ದಟ್ಟವಾದ ಸಿಂಪಿ ಸಾಮಾನ್ಯವಾಗಿ ಭರತ ಇಳಿತಗಳ ನಡುಮಟ್ಟದ ಆಸುಪಾಸಿಗೆ ನಿಂತುಬಿಡುತ್ತದೆ. ಅದರ ಮೇಲಿನ ಕಪ್ಪು, ಕಲ್ಲಿನ ತೂತುಗಳಲ್ಲಿ ಬೆಳೆದ ಪಾಚಿಯಂಥ ಸೂಕ್ಷ್ಮಜೀವಿಗಳದ್ದು. ಅವಕ್ಕೆ ಆಗಾಗ ಒದ್ದೆಯಾದರೆ ಸಾಕು, ದೊಡ್ಡ ಭರತ ಮುಟ್ಟುವಷ್ಟು ಎತ್ತರದವರೆಗೂ ಬೆಳೆಯುತ್ತವೆ. ಸಮುದ್ರಕ್ಕೆ ಮುಖ ಮಾಡಿದ ಗೋಡೆಯಲ್ಲಾದರೆ ಅಲೆ ಚಿಮ್ಮಿ ಈ ಪಟ್ಟೆ ಇನ್ನೂ ಮೇಲೇರಿರುತ್ತಿತ್ತು. ಇಲ್ಲಿ ಒಳನೀರು, ಅಲೆಯಿಲ್ಲ.

ಅಂದರೆ ನಡುಮಟ್ಟದಿಂದ ದೊಡ್ಡ ಭರತಕ್ಕೆ ಮೂರು ವರಸೆ, ಸುಮಾರು 60 ಸೆಂಟಿಮೀಟರ್. ಕೆಳಕ್ಕೂ ಅಷ್ಟೇ ಹಿಡಿದರೆ 1.2 ಮೀಟರ್. ದೂರದ ನೀರಂಚು ಕಟ್ಟೆಯ ಬುಡಕ್ಕಿಂತ ಇನ್ನೂ ಕೆಳಗಿದೆಯಾದ್ದರಿಂದ ಒಟ್ಟು ಅಂತರ 1.2ಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಕರಾವಳಿಯಲ್ಲಿ ದೊಡ್ಡ ಭರತದ ದಿನ ಅಂತರ ಒಂದೂವರೆ ಮೀಟರ್ ಆಸುಪಾಸು, ದಕ್ಷಿಣಕ್ಕಿಂತ ಕಾರವಾರದ ಕಡೆಗೆ ಸ್ವಲ್ಪ ಜಾಸ್ತಿ. ಮುಂಬೈಯಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಖಂಭಾತ್ ಕೊಲ್ಲಿಯ ಭಾವನಗರಕ್ಕೆ ಹೋದರೆ ಹತ್ತು ಮೀಟರ್ ಮುಟ್ಟುತ್ತದೆ. ಇದು ವಸಾಯಿ ಆಗಿದ್ದರೆ ಕಟ್ಟೆಯ ಮೇಲೆ ಇಪ್ಪತ್ತರ ಹತ್ತಿರ ವರಸೆಯ ಗುರುತು ಇರಬೇಕಿತ್ತು. ಪೆನ್ಸಿಲ್ ಬರಹವನ್ನು ನಂಬಬಹುದು ಅನ್ನಿಸುತ್ತದೆ.

ವಸಾಯಿ ಕನ್ನಡಿಗ
ಕಟ್ಟೆಯ ಬುಡ ಹೂಳಿನಲ್ಲಿ ಮುಚ್ಚಿದ್ದರೆ? ಆಗ ಕೆಳಗಿನ ವರಸೆಗಳು ಕಾಣುವುದೇ ಇಲ್ಲವಲ್ಲ.

ಅಳಿವೆಬಾಯಿ
ಒಳ್ಳೆಯ ಪ್ರಶ್ನೆ. ಹಾಗಾಗಿಯೇ ನಾನು ಕೆಳಗಿನ ಸಿಂಪಿಯ ವರಸೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಿಂಪಿಯ ಮೇಲಂಚಿನಿಂದ ಕಪ್ಪಿನ ಮೇಲಂಚಿನವರೆಗೆ ಮಾತ್ರ ಹಿಡಿದು ಎರಡರಿಂದ ಗುಣಿಸಿದ್ದು. ಹೂಳು ಎಷ್ಟೇ ತುಂಬಿದರೂ ಆ ಮೂರು ವರಸೆ ಬದಲಾಗುವುದಿಲ್ಲ.

ಗಜನಿ ಗೌಡ
ಹೊಳೆಯಂಚಿನ ನಮ್ಮ ಗಜನಿ ಗದ್ದೆಯ ಕಟ್ಟೆಯೂ ಹೀಗೇ ಕಪ್ಪಾಗಿದೆ. ಈ ವರ್ಷ ಭರತದ ನೀರು ತೂಬಿನ ಹಲಗೆ ಸಂದಿಯಲ್ಲಿ ನುಗ್ಗಿ ಗದ್ದೆಗೆ ಉಪ್ಪು ಹತ್ತಿದೆ. ಕಗ್ಗ ಭತ್ತ ಬಿತ್ತುವ ಮೊದಲು ಎಂಥ ಮಾಡಬೇಕು? ಕಪ್ಪು ತಿಕ್ಕಿ ತೆಗೆದು ಸಿಮೆಂಟ್ ಹೊಡೆದರೆ ನಿಲ್ಲುತ್ತದೋ?

ನೀರುಮಟ್ಟ
ಗೌಡ್ರೆ, ಇಲ್ಲಿ ಕೇಳಿದ್ದು ಫೋಟೊದ ವಿಷಯ, ಆದರೂ ಹೇಳುತ್ತೇನೆ. ಕಪ್ಪು ತೆಗೆಯುವುದರಿಂದ ಏನೂ ಉಪಯೋಗ ಇಲ್ಲ, ಅದು ಸೋರಿಕೆಗೆ ಕಾರಣ ಅಲ್ಲ. ನೀರು ಬರುವುದು ಹಲಗೆ ಕೂರುವ ಕಲ್ಲಿನ ಕಚ್ಚು ಸವೆದು ಅಗಲವಾದ್ದರಿಂದ, ಇಲ್ಲವೇ ಹಲಗೆಯ ಕೆಳಗಿನ ಮಣ್ಣು ಕೊರೆದು ಹೋದ್ದರಿಂದ. ಇಳಿತದಲ್ಲಿ ಹೊರಗಡೆ ನಿಂತು ನೋಡಿ: ನೀರು ಹಲಗೆಯ ಮಧ್ಯದಿಂದ ಹನಿಯುತ್ತಿದ್ದರೆ ಹಲಗೆ ಬದಲಿಸಿ, ಬುಡದಿಂದ ಕೆಸರಿನ ಬಣ್ಣದಲ್ಲಿ ಬರುತ್ತಿದ್ದರೆ ತಳ ಕೊರೆದಿದೆ, ಅದಕ್ಕೆ ಎರಡು ಸಾಲು ಹಲಗೆ ಹಾಕಿ ನಡುವೆ ಜೇಡಿಮಣ್ಣು ಒದ್ದು ತುಂಬಬೇಕು. ಗದ್ದೆಯ ಉಪ್ಪಿಗೆ ಮಳೆಯೇ ಮದ್ದು. ಮೊದಲ ಮಳೆನೀರು ಗದ್ದೆಯಲ್ಲಿ ನಿಲ್ಲಲಿ, ಇಳಿತದ ಹೊತ್ತಿಗೆ ತೂಬು ತೆಗೆದು ಹೊರಗೆ ಬಿಡಿ, ಭರತ ಏರುವ ಮೊದಲು ಹಾಕಿ. ಹೀಗೆ ಕೆಲವು ಸಲ ತೊಳೆದ ಮೇಲೆ ಬಿತ್ತಿ.

ಛಾಯಾ ಕುಂದಾಪ್ರ
ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕೆಸರಿನಲ್ಲಿ ನೆಟ್ಟ ದೋಣಿ ಕಟ್ಟುವ ಗೂಟದ ನೆರಳು ಗೂಟದ ಒಂದೂವರೆ ಪಟ್ಟು ಉದ್ದ ಇದೆ. ಅಂದರೆ ಸೂರ್ಯ 33–34 ಡಿಗ್ರಿ ಮೇಲಿದ್ದಾನೆ. ಇದು ಬೆಳಿಗ್ಗೆ ಒಂಬತ್ತು ಒಂಬತ್ತೂವರೆ, ಅಥವಾ ಮಧ್ಯಾಹ್ನ ಮೂರೂವರೆ ನಾಲ್ಕು. ನೆರಳು ಎಡಕ್ಕೆ ಮತ್ತು ಕ್ಯಾಮೆರಾದಿಂದ ದೂರಕ್ಕೆ ಬಿದ್ದಿದೆ. ಬೆಳಿಗ್ಗೆಯದ್ದೋ ಸಂಜೆಯದ್ದೋ ಅಂತ ನನಗೆ ಗೊತ್ತಾಗುವುದಿಲ್ಲ ಮಾರಾಯ್ರೆ. ಅದು ಗೊತ್ತಾದರೆ ದಿಕ್ಕು ಹೇಳಬಹುದು.

ಅಳಿವೆಬಾಯಿ
ಅದನ್ನು ಕಸದ ಸಾಲು ಹೇಳುತ್ತದೆ. ಹಳೆಪಟ ಅವರೇ, ಇಳಿಜಾರಿನಲ್ಲಿ ಕಸ ಒಂದೇ ಸಾಲೋ, ಒಂದರ ಕೆಳಗೆ ಒಂದು ಬೇರೆ ಬೇರೆ ಸಾಲೋ?

ಹಳೆಪಟ
ಮೂರು ಸಾಲು ಬಿಡಿಬಿಡಿಯಾಗಿ ಕಾಣುತ್ತವೆ. ಮೇಲಿನದು ಒಣಗಿ ಬೆಳ್ಳಗಾಗಿದೆ, ಬಾಟಲಿಗಳೆಲ್ಲ ಅದರಲ್ಲೇ ಇವೆ. ಕೆಳಗಿನದು ಕಪ್ಪಗೆ ಒದ್ದೆ. ಅದರಲ್ಲಿ ಉದ್ದನೆಯ ಹಸಿರು ಕೋಲಿನಂಥವು ಮೂರ್ನಾಲ್ಕು ಬಿದ್ದಿವೆ.

ಅಳಿವೆಬಾಯಿ
ಹಸಿರು ಕೋಲುಗಳು ಕಾಂಡ್ಲಾದ ಮೊಳಕೆಗಳು. ಗಿಡದಲ್ಲೇ ಮೊಳೆತು ಉದುರಿ ತೇಲುತ್ತಾ ಬಂದವು.

ಸಾಲುಗಳು ಬಹಳ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದಂತೆ ಭರತ ದಿನದಿನಕ್ಕೆ ಮೇಲೇರುತ್ತದೆ. ಆಗ ಇವತ್ತಿನ ನೀರು ನಿನ್ನೆಯ ಕಸವನ್ನು ಎತ್ತಿ ಮೇಲಕ್ಕೆ ಒಯ್ಯುತ್ತದೆ, ಉಳಿಯುವುದು ಒಂದೇ ಸಾಲು. ದೊಡ್ಡ ಭರತ ಮುಗಿದು ನೀರು ಇಳಿಮುಖವಾದಾಗ ಮೇಲಿನ ಸಾಲನ್ನು ಮುಟ್ಟುವವರು ಇಲ್ಲ, ಪ್ರತಿ ದಿನ ಅದರ ಕೆಳಗೆ ಹೊಸ ಸಾಲು ಬೀಳುತ್ತದೆ. ಮೂರು ಸಾಲು ಅಂದರೆ ದೊಡ್ಡ ಭರತ ದಾಟಿ ಎರಡು ಮೂರು ದಿನ ಆಗಿದೆ. "ಹುಣ್ಣಿಮೆ ಕಳೆದು" ಅಂತ ಬರೆದಿರುವುದಕ್ಕೆ ಸರಿಹೊಂದುತ್ತದೆ. ದಿನಕ್ಕೆ ಎರಡು ಭರತ ಇರುತ್ತವೆ, ಎರಡೂ ಒಂದೇ ಎತ್ತರಕ್ಕೆ ಏರುವುದಿಲ್ಲ, ಸಾಲು ಬಿಡುವುದು ದೊಡ್ಡದು. ಹಾಗಾಗಿ ಸಾಲು ಎಣಿಸಿ ದಿನವನ್ನು ಖಚಿತವಾಗಿ ಹೇಳಲು ಹೋಗಬಾರದು.

ಈಗ ಗಂಟೆ. ಒಂದೂರಿನಲ್ಲಿ ಹುಣ್ಣಿಮೆಯ ಭರತ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ನೀರು ತುಂಬುವುದು ನಡುಹಗಲು ಮತ್ತು ನಡುರಾತ್ರಿಯ ಹತ್ತಿರ, ಪೂರ್ತಿ ಇಳಿಯುವುದು ಬೆಳಿಗ್ಗೆ ಮತ್ತು ಸಂಜೆ ಐದು ಆರರ ಸುಮಾರಿಗೆ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಮೂರು ದಿನ ಕಳೆದರೆ ಬೆಳಗಿನ ಇಳಿತ ಎಂಟರ ಹೊತ್ತಿಗೆ, ಹೊಳೆಯ ಒಳಗೆ ಇನ್ನಷ್ಟು ತಡವಾಗಿ. ಒಂಬತ್ತಕ್ಕೆ ಕೆಸರು ಬಯಲಾಗಿರುವುದು ಸರಿ. ಅದೇ ದಿನ ಮಧ್ಯಾಹ್ನ ಮೂರೂವರೆಗೆ ಈ ಜಾಗ ನೀರಿನಡಿ ಇರುತ್ತದೆ. ಆದ್ದರಿಂದ ಇದು ಬೆಳಗಿನ ಫೋಟೊ.

ಛಾಯಾ ಕುಂದಾಪ್ರ
ಬೆಳಿಗ್ಗೆ ಅಂತಾದರೆ ನೆರಳು ಪಶ್ಚಿಮಕ್ಕೆ. ಅದು ಎಡಗಡೆ ಬಿದ್ದಿದೆ, ಅಂದರೆ ಕ್ಯಾಮೆರಾ ಹೆಚ್ಚುಕಡಿಮೆ ಉತ್ತರದ ಕಡೆಗೆ ಮುಖ ಮಾಡಿದೆ. ಅದು ನೆಟ್ಟಗೆ ಉತ್ತರಕ್ಕೇ ಇದ್ದರೆ, ನೆರಳು ದೂರಕ್ಕೂ ವಾಲಿದೆಯಾದ್ದರಿಂದ ಸೂರ್ಯ ಆಗ್ನೇಯದಲ್ಲಿ, ಬಹುಶಃ ಚಳಿಗಾಲ. ತೆಗೆದವರು ಹೊಳೆಯ ದಕ್ಷಿಣ ದಂಡೆಯಲ್ಲಿ ನಿಂತಿದ್ದರು.

ವಸಾಯಿ ಕನ್ನಡಿಗ
ಸರಿ, ಕುಮಟಾ ಸೀಮೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಕಾಂಡ್ಲಾ ನೋಡಿ: ಎಲೆಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕೆಳಗಡೆ ಒಂದೇ ಗೆರೆಗೆ ನಿಂತಿವೆ. ಇದು ದನ ಮೇಯ್ದದ್ದು. ಮೇಯಿಸಿ ಕಾಡು ಹಾಳಾಗುತ್ತಿದೆ, ನಡುವಿನ ಬರಡು ಕೆಸರಿನಲ್ಲಿ ಗಿಡ ನೆಡಬೇಕು ಅಂತ ಅಡಿಬರಹದಲ್ಲಿ ಬಂದರೆ ಒಳ್ಳೆಯದು.

ಅಳಿವೆಬಾಯಿ
ಎರಡನ್ನೂ ಬರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ದನ ಮೇಯ್ದ ಗೆರೆಯೂ ನೀರಿನ ಗೆರೆಯೂ ದೂರದಿಂದ ಒಂದೇ ಥರ ಕಾಣುತ್ತವೆ ನಿಜ. ಗುಜರಾತಿನ ಕಡಲಂಚಿನಲ್ಲಿ ಒಂಟೆ ಮೇಯ್ದ ಗೆರೆ ಚೆನ್ನಾಗಿ ಕಾಣುತ್ತದೆ. ವ್ಯತ್ಯಾಸ ಹೀಗೆ ತಿಳಿಯಬೇಕು: ದನದ ಬಾಯಿ ನೆಲದಿಂದ ಇಂತಿಷ್ಟು ಎತ್ತರಕ್ಕೆ ಮುಟ್ಟುತ್ತದೆ, ಹಾಗಾಗಿ ಮೇಯ್ದ ಗೆರೆ ನೆಲದ ಜೊತೆಗೇ ಏರುತ್ತದೆ, ಇಳಿಯುತ್ತದೆ. ನೀರಿಗೆ ನೆಲದ ಹಂಗಿಲ್ಲ. ಈ ಫೋಟೊದಲ್ಲಿ ಬಲಕ್ಕೆ ಹೋದಂತೆ ಕೆಸರು ಮೇಲೇರುತ್ತದೆ, ಎಲೆಯ ಗೆರೆ ಮಾತ್ರ ಏರುವುದಿಲ್ಲ, ಬಲತುದಿಯಲ್ಲಿ ಎಲೆ ನೆಲಕ್ಕೆ ಮುಟ್ಟುವಷ್ಟು ಹತ್ತಿರ ಬಂದಿದೆ. ಇದು ನೀರಿನ ಗೆರೆ. ದಿನಾ ಮುಳುಗುವ ಎಲೆಗೆ ಮಣ್ಣು ಹತ್ತಿ ಉಳಿಯುವುದಿಲ್ಲ, ಅಷ್ಟೇ. ಕಮಾನು ಬೇರುಗಳ ಮೇಲಿನ ಬೂದುಮಣ್ಣಿನ ಲೇಪವೂ ಅದೇ ಮಟ್ಟದಲ್ಲಿ ನಿಂತಿದೆ, ನೋಡಿ.

ಕೆಸರಿನಲ್ಲಿ ಗಿಡ ನೆಡುವ ಮಾತು. ಕಾಂಡ್ಲಾ ಬೆಳೆಯುವುದು ಸರಿಸುಮಾರು ಸಮುದ್ರದ ನಡುಮಟ್ಟದಿಂದ ದೊಡ್ಡ ಭರತದ ಮಟ್ಟದವರೆಗೆ. ಕಾಡಿನ ಹೊರ ಅಂಚು ಎಲ್ಲಿದೆಯೋ ಅಲ್ಲಿಂದ ಕೆಳಗಿನ ಕೆಸರು ನಡುಮಟ್ಟಕ್ಕಿಂತ ತಗ್ಗು. ಅಲ್ಲಿ ಮೊಳಕೆ ಊರಿದರೆ ದಿನದ ಹೆಚ್ಚು ಹೊತ್ತು ನೀರಿನಡಿ ಇರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಕಾಂಡಕ್ಕೆ ಬಾರ್ನಕಲ್ ಚಿಪ್ಪು ಹತ್ತಿ ಭಾರಕ್ಕೆ ಮಗುಚಿಕೊಳ್ಳುತ್ತದೆ. ಕೊನೆಗೆ ಸಾಲು ಸಾಲಾಗಿ ಒಣ ಕಡ್ಡಿಗಳು ಉಳಿಯುತ್ತವೆ. ಕರಾವಳಿಯಲ್ಲಿ ನೆಡುತೋಪು ಸೋತ ಜಾಗಗಳನ್ನು ಹೋಗಿ ನೋಡಿದರೆ ಬಹಳ ಕಡೆ ಕಾರಣ ಇದೇ, ತಪ್ಪು ಎತ್ತರ. ಅದಕ್ಕಿಂತ ಹೆಚ್ಚಾಗಿ, ಆ ಕೆಸರು ಬರಡಲ್ಲ. ಆ ಹೆಂಗಸರು ಬಗ್ಗಿ ಆರಿಸುತ್ತಿರುವುದು ಬಳಚು, ತಿನ್ನುವ ಚಿಪ್ಪುಜೀವಿ. ಅವರ ಅನ್ನದ ಗದ್ದೆ ಅದು. ಅದನ್ನು "ಬರಡು" ಅಂತ ಬರೆದರೆ ನಾಳೆ ಯಾರೋ ಅದನ್ನೇ ಓದಿ ಅಲ್ಲಿ ಗುಂಡಿ ತೋಡುತ್ತಾರೆ.

ಗಜನಿ ಗೌಡ
ಅದು ಖರೆ. ಬಳಚು ಸಿಗುವ ಜಾಗದಲ್ಲಿ ಗಿಡ ಬಂದರೆ ಬಳಚು ಹೋಗುತ್ತದೆ. ಹಲಗೆ ಮಾತಿಗೆ ಉಪಕಾರ ಆಯ್ತು.

ಹಳೆಪಟ
"ಬರಡು" ಬರೆಯುವುದಿಲ್ಲ. ಇನ್ನು ಮುಖ್ಯ ಪ್ರಶ್ನೆ: ಯಾವ ಹೊಳೆ? ಎರಡಕ್ಕೂ ದಕ್ಷಿಣ ದಂಡೆ ಇದೆಯಲ್ಲ.

ಅಳಿವೆಬಾಯಿ
ನನ್ನ ಒಲವು ಅಘನಾಶಿನಿಯ ಕಡೆಗೆ, ಕಾರಣ ಉಪ್ಪು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಹೊಳೆಬಾಯಿ ಸಿಹಿಯಾಗುತ್ತದೆ, ಮಳೆ ನಿಂತ ಮೇಲೆ ಸಮುದ್ರದ ನೀರು ಒಳಗೆ ಬಂದು ಬೇಸಿಗೆಯವರೆಗೂ ಉಪ್ಪಾಗುತ್ತಾ ಹೋಗುತ್ತದೆ. ಬಳಚಿಗೂ ಸಿಂಪಿಗೂ ಈ ಉಪ್ಪಿನ ತಿಂಗಳುಗಳು ಬೇಕೇ ಬೇಕು. ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಆಯಿತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬರುತ್ತಲೇ ಇರುತ್ತದೆ. ಅಲ್ಲಿ ಬಳಚು ಇಳಿದು ಹೋಯಿತು, ಗಿಡಗಳಲ್ಲೂ ಸಿಹಿನೀರು ಸಹಿಸುವ ಸೊನರೇಶಿಯ ಕ್ಯಾಸಿಯೊಲಾರಿಸ್ ಮೇಲುಗೈ ಪಡೆಯಿತು. ಅದಕ್ಕೆ ಕಮಾನು ಬೇರು ಇರುವುದಿಲ್ಲ, ಕೆಸರಿನಿಂದ ಗೂಟಗಳಂತೆ ಬೇರು ಮೇಲೆದ್ದಿರುತ್ತವೆ. ಈ ಫೋಟೊದಲ್ಲಿ ಸಿಂಪಿ ದಟ್ಟ, ಬಳಚು ಆರಿಸುವವರು ಇದ್ದಾರೆ, ಗಿಡ ಕಮಾನು ಬೇರಿನ ಕಾಂಡ್ಲಾ, ಅಂದರೆ ರೈಜೊಫೊರ. ಮೂರೂ ಉಪ್ಪುನೀರಿನ ಕಡೆಗೇ ಕೈ ತೋರಿಸುತ್ತವೆ.

ನೀರುಮಟ್ಟ
ಇಲ್ಲಿ ನನ್ನದೊಂದು ತಕರಾರು. ಶರಾವತಿಯೂ ಅಳಿವೆಯ ಹತ್ತಿರ, ಹೊನ್ನಾವರದ ಎದುರು ದಡದ ಕಾಸರಕೋಡಿನ ಬದಿಯಲ್ಲಿ ಉಪ್ಪಾಗಿಯೇ ಇರುತ್ತದೆ, ಮತ್ತು ಅದು ದಕ್ಷಿಣ ದಂಡೆ. ಇನ್ನೊಂದು, ಬಳಚು ಇಳಿದದ್ದು ಒಂದೇ ದಿನದಲ್ಲಿ ಅಲ್ಲ. ಫೋಟೊ ಹಳೆಯದಾದರೆ ಅಲ್ಲಿಯೂ ಈ ನೋಟ ಸಿಗುತ್ತಿತ್ತು. ಪ್ಲಾಸ್ಟಿಕ್ ಬಾಟಲಿ ಇರುವುದರಿಂದ ತೀರಾ ಹಳೆಯದಲ್ಲ ಅನ್ನಬಹುದು, ಅಷ್ಟೇ. ಶರಾವತಿಯ ಕೆಳಭಾಗವಾಗಿದ್ದರೆ ಹೊನ್ನಾವರದ ಎರಡು ಕಿಲೋಮೀಟರ್ ಉದ್ದದ ಕೊಂಕಣ ರೈಲು ಸೇತುವೆ ಎಲ್ಲಾದರೂ ಇಣುಕಬೇಕಿತ್ತು ಅಂತ ಹೇಳಬಹುದು, ಆದರೆ ಚೌಕಟ್ಟಿನ ಆಚೆಗೂ ಇರಬಹುದು.

ವಸಾಯಿ ಕನ್ನಡಿಗ
ಕಪ್ಪು ಪಟ್ಟೆ ಕಟ್ಟೆಯ ಅರ್ಧ ದಾಟಿದೆ. ಸಮುದ್ರಮಟ್ಟ ಏರಿದ್ದಕ್ಕೆ ಇದು ಸಾಕ್ಷಿ ಅಂತಾದರೂ ಬರೆಯಬಹುದಲ್ಲವೇ?

ನೀರುಮಟ್ಟ
ಒಂದು ಫೋಟೊದಿಂದ ಆಗುವುದಿಲ್ಲ. ಈ ಪಟ್ಟೆ ಇವತ್ತಿನ ಭರತ ಎಲ್ಲಿಗೆ ಮುಟ್ಟುತ್ತದೆ ಅಂತ ಹೇಳುತ್ತದೆ, ನಿನ್ನೆಗಿಂತ ಮೇಲೋ ಕೆಳಗೋ ಅಂತ ಹೇಳುವುದಿಲ್ಲ. ಇಡೀ ವರ್ಷದಲ್ಲೇ ನಮ್ಮ ಕಡೆ ಸಮುದ್ರದ ಸರಾಸರಿ ಮಟ್ಟ ಚಳಿಗಾಲದಲ್ಲಿ ಮೇಲೆ, ಮಳೆಗಾಲದ ಕೊನೆಗೆ ಕೆಳಗೆ ಇರುತ್ತದೆ. ಕಟ್ಟೆಯೂ ಕೆಸರಿನಲ್ಲಿ ಕುಸಿಯುತ್ತದೆ. ಅದೇ ಕಟ್ಟೆಯನ್ನು ಅದೇ ಜಾಗದಿಂದ ಈಗ ಮತ್ತೆ ತೆಗೆದು, ಸಿಂಪಿಯ ಮೇಲಂಚು ಎಷ್ಟು ವರಸೆ ಮೇಲೆ ಬಂದಿದೆ ಅಂತ ನೋಡಿದರೆ, ಕಟ್ಟೆ ಕುಸಿದಿಲ್ಲ ಅಂತ ಖಾತ್ರಿಯಾದ ಮೇಲೆ, ಏನಾದರೂ ಹೇಳಬಹುದು.

ಹಳೆಪಟ
ಸದ್ಯಕ್ಕೆ ಹೀಗೆ ಬರೆಯುತ್ತೇನೆ: "ಕುಮಟಾ–ಹೊನ್ನಾವರ ಕಡೆಯ ಹೊಳೆಬಾಯಿ, ಬಹುಶಃ ಅಘನಾಶಿನಿ. ಬಹುಶಃ ಚಳಿಗಾಲದ ಬೆಳಿಗ್ಗೆ, ಹುಣ್ಣಿಮೆ ಕಳೆದ ಇಳಿತದಲ್ಲಿ ಬಳಚು ಆರಿಸುತ್ತಿರುವವರು. ಎಡಕ್ಕೆ ಗಜನಿ ಕಟ್ಟೆ, ಅದರ ಮೇಲೆ ಸಿಂಪಿ ಮತ್ತು ಭರತದ ಗುರುತು." ಅಘನಾಶಿನಿ ಅಳಿವೆ 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ್ದನ್ನು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಲೇ?

ಅಳಿವೆಬಾಯಿ
ಹೊಳೆ ಖಚಿತವಾಗುವವರೆಗೆ ಬೇಡ. ಬಲತುದಿಯ ಗಿಡಗಳ ಹಿಂದೆ ಸ್ವಲ್ಪ ತಿಳಿಬಣ್ಣದ ಎಲೆಯ ಇನ್ನೊಂದು ಮರ ಇದೆ, ಅದರಲ್ಲಿ ದುಂಡನೆಯ ಕಾಯಿ ಇರುವ ಹಾಗೆ ಕಾಣುತ್ತದೆ. ಆ ಮೂಲೆಯನ್ನಷ್ಟೇ ಮೂಲ ಪ್ರತಿಯಿಂದ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಾಕಿ. ಸೊನರೇಶಿಯ ಆಗಿದ್ದರೆ ಅದರಲ್ಲಿ ಯಾವ ಜಾತಿ ಅಂತ ನೋಡಬೇಕು. ಕ್ಯಾಸಿಯೊಲಾರಿಸ್ ಆದರೆ ಅಲ್ಲಿ ಸಿಹಿನೀರು ಹೆಚ್ಚು ಅಂತಾಯಿತು, ನೀರುಮಟ್ಟ ಅವರ ಮಾತಿಗೆ ತೂಕ ಬರುತ್ತದೆ.

ಹಳೆಪಟ
ಮೂಲ ಪ್ರತಿ ವಾಚನಾಲಯದಲ್ಲೇ ಇದೆ. ಸೋಮವಾರ ಬಾಗಿಲು ತೆಗೆದ ಮೇಲೆ ಸ್ಕ್ಯಾನ್ ಮಾಡಿ ಇಲ್ಲೇ ಹಾಕುತ್ತೇನೆ.